ಗಣಿಯೊಳಗಿನ ಗುಲಾಬಿ ಪೊರೆ: ಬೆರೆತುಹೋದ ಡಿಎನ್‌ಎಯಿಂದ ಒಂದೊಂದು ಜೀವಿಯನ್ನು ಬಿಡಿಸುವುದು ಹೇಗೆ?

ಹೋದ ತಿಂಗಳು ಅತ್ತಿಗೆ ಒಂದು ಲ್ಯಾಬಿನ ರೇಟು ಪಟ್ಟಿಯನ್ನು ವಾಟ್ಸ್ಯಾಪ್‌ನಲ್ಲಿ ಕಳಿಸಿದರು. ಕರುಳಿನಲ್ಲಿ ಯಾವ ಸೂಕ್ಷ್ಮಜೀವಿಗಳಿವೆ ಎಂದು ನೋಡುವ ಪರೀಕ್ಷೆ. ಅದರಲ್ಲಿ ಎರಡು ಬಗೆ. ಕಡಿಮೆ ಬೆಲೆಯದರ ಮುಂದೆ ‘16ಎಸ್’ ಎಂದಿತ್ತು. ಜಾಸ್ತಿ ಬೆಲೆಯದರ ಮುಂದೆ ‘ಶಾಟ್‌ಗನ್ ಮೆಟಜೀನೋಮಿಕ್ಸ್’. “ಎರಡರಲ್ಲೂ ಬ್ಯಾಕ್ಟೀರಿಯಾ ಹೆಸರೇ ಬರುತ್ತಂತೆ. ಮತ್ತೆ ಇಷ್ಟೊಂದು ವ್ಯತ್ಯಾಸ ಯಾಕಪ್ಪ?” ಎಂದು ಕೇಳಿದರು.

ಫೋನಿನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವ ಪ್ರಶ್ನೆ ಅದಲ್ಲ. ಆದರೆ ಅರ್ಥವಾಗದಂಥದ್ದೂ ಅಲ್ಲ. ಇದಕ್ಕೆ ಒಳ್ಳೆಯ ಉತ್ತರ ಸಿಗುವುದು ಕರುಳಿನಲ್ಲಲ್ಲ, ಕ್ಯಾಲಿಫೋರ್ನಿಯಾದ ಒಂದು ಹಳೆಯ ಗಣಿಯಲ್ಲಿ. ಅಲ್ಲಿಗೆ ಹೋಗುವ ಮೊದಲು ಆ ‘16ಎಸ್’ ಏನೆಂದು ನೋಡೋಣ.

ಲಗ್ನಪತ್ರಿಕೆಯ ಒಂದೇ ಸಾಲು

ಒಂದು ಚಮಚ ಮಣ್ಣಿನಲ್ಲಿ ಸಾವಿರಾರು ಬಗೆಯ ಸೂಕ್ಷ್ಮಜೀವಿಗಳಿರುತ್ತವೆ. ಅವುಗಳಲ್ಲಿ ಹೆಚ್ಚಿನವನ್ನು ಲ್ಯಾಬಿನ ತಟ್ಟೆಯಲ್ಲಿ ಬೆಳೆಸಲು ಇನ್ನೂ ಆಗಿಲ್ಲ. ಹಾಗಾಗಿ ಜೀವಿಯನ್ನು ಬೆಳೆಸುವುದನ್ನು ಬಿಟ್ಟು, ಎಲ್ಲದರ ಡಿಎನ್‌ಎಯನ್ನೂ ಒಟ್ಟಿಗೆ ಹೊರತೆಗೆದು ಅದನ್ನೇ ಓದುತ್ತಾರೆ. ಡಿಎನ್‌ಎ ಅಂದರೆ ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ ಉದ್ದನೆಯ ಬರಹ. ಒಂದು ಜೀವಿಯ ಇಡೀ ಬರಹಕ್ಕೆ ಜೀನೋಮ್ ಎನ್ನುತ್ತಾರೆ. ಅದರಲ್ಲಿ ಒಂದೊಂದು ಕೆಲಸಕ್ಕೆ ಸಂಬಂಧಿಸಿದ ಭಾಗವೇ ಜೀನ್.

ಒಂದು ಚೀಲದ ತುಂಬ ಬೇರೆಬೇರೆ ಮನೆಯ ಲಗ್ನಪತ್ರಿಕೆಗಳಿವೆ ಎಂದುಕೊಳ್ಳಿ. ಯಾರ ಮನೆಯದೇ ಆಗಲಿ, ‘ತಾವು ಸಕುಟುಂಬ ಪರಿವಾರ ಸಮೇತರಾಗಿ ಆಗಮಿಸಿ’ ಎಂಬ ಸಾಲು ಇರುತ್ತದೆ ಅಲ್ವಾ? ಅಲ್ಲಲ್ಲಿ ಒಂದೆರಡು ಪದ ಮಾತ್ರ ಬದಲು. 16ಎಸ್ ಜೀನ್ ಅಂಥ ಸಾಲು. ಪ್ರೋಟೀನ್ ತಯಾರಿಸುವ ಯಂತ್ರದ ಒಂದು ಭಾಗಕ್ಕೆ ಬೇಕಾದ ಜೀನ್ ಅದು. ಅದಿಲ್ಲದೆ ಯಾವ ಬ್ಯಾಕ್ಟೀರಿಯಾವೂ ಬದುಕಲಾರದು. ಉದ್ದ ಸುಮಾರು 1,500 ಅಕ್ಷರ. ಅದರ ಕೆಲವು ಭಾಗಗಳು ಹೆಚ್ಚುಕಮ್ಮಿ ಎಲ್ಲ ಜೀವಿಗಳಲ್ಲೂ ಒಂದೇ. ನಡುವಿನ ಕೆಲವು ಭಾಗಗಳು ಜೀವಿಯಿಂದ ಜೀವಿಗೆ ಬೇರೆ.

ಬದಲಾಗದ ಭಾಗಕ್ಕೆ ಹೋಗಿ ಅಂಟಿಕೊಳ್ಳುವ ಪುಟ್ಟ ಡಿಎನ್‌ಎ ತುಣುಕುಗಳಿವೆ. ಅವಕ್ಕೆ ಪ್ರೈಮರ್ ಎಂದು ಹೆಸರು. ಅವನ್ನು ಬಳಸಿ ಆ ಸಾಲನ್ನು ಮಾತ್ರ ಕೋಟಿಗಟ್ಟಲೆ ನಕಲು ಮಾಡುತ್ತಾರೆ. ನಕಲುಗಳನ್ನು ಓದಿ, ಯಾವ ಬಗೆಯ ಸಾಲು ಎಷ್ಟು ಸಲ ಬಂತು ಎಂದು ಎಣಿಸುತ್ತಾರೆ. ಹೀಗೆ ಗುರುತಿಗೆಂದು ಬಳಸುವುದರಿಂದ ಇದಕ್ಕೆ ಮಾರ್ಕರ್ ಜೀನ್ ಎನ್ನುತ್ತಾರೆ. ಅಗ್ಗದ, ಬೇಗ ಆಗುವ, ಉಪಯುಕ್ತ ವಿಧಾನ. ಯಾರು ಯಾರು ಇದ್ದಾರೆ ಎಂಬುದು ತಕ್ಕಮಟ್ಟಿಗೆ ತಿಳಿಯುತ್ತದೆ.

ಆದರೆ ಆ ಸಾಲಿನಿಂದ ಮದುವೆ ಎಲ್ಲಿ, ಯಾವತ್ತು, ಊಟ ಎಷ್ಟು ಹೊತ್ತಿಗೆ ಎಂದು ತಿಳಿಯುತ್ತದೆಯೇ? ಇಲ್ಲ. ನಮ್ಮ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾದ ಜೀನೋಮ್ ಸುಮಾರು 46 ಲಕ್ಷ ಅಕ್ಷರ. ಅದರಲ್ಲಿ 1,500 ಅಂದರೆ ಹತ್ತು ಸಾವಿರಕ್ಕೆ ಮೂರೇ ಅಕ್ಷರ. ಲ್ಯಾಬುಗಳಲ್ಲಿ ದಿನವೂ ಬಳಸುವ ನಿರುಪದ್ರವಿ ತಳಿ ಕೆ-12, ರಕ್ತಭೇದಿ ತರುವ ತಳಿ ಒ157:ಎಚ್7 ಎರಡೂ ಇ. ಕೋಲಿಯೇ. ಎರಡರ 16ಎಸ್ ಸಾಲೂ ಹೆಚ್ಚುಕಮ್ಮಿ ಒಂದೇ. ಆದರೆ 2001ರಲ್ಲಿ ಎರಡರ ಇಡೀ ಜೀನೋಮ್‌ಗಳನ್ನು ಪಕ್ಕಪಕ್ಕ ಇಟ್ಟು ನೋಡಿದಾಗ, ರೋಗ ತರುವ ತಳಿಯಲ್ಲಿ ಇನ್ನೊಂದರಲ್ಲಿಲ್ಲದ 1,387 ಜೀನ್‌ಗಳು ಕಂಡವು. ಒಂದು ಸಾಲಿನ ಆಚೆ ಎಷ್ಟು ಅಡಗಿದೆ ನೋಡಿ.

ಆಮ್ಲದ ಮೇಲೆ ತೇಲುವ ಪೊರೆ

ಈಗ ಗಣಿಗೆ ಬರೋಣ. ಉತ್ತರ ಕ್ಯಾಲಿಫೋರ್ನಿಯಾದ ರೆಡ್ಡಿಂಗ್ ಊರಿನ ಹತ್ತಿರ ಐರನ್ ಮೌಂಟನ್ ಎಂಬ ಬೆಟ್ಟವಿದೆ. ಅದರೊಳಗೆ ರಿಚ್ಮಂಡ್ ಎಂಬ ಗಣಿ. ಬಂಡೆಯಲ್ಲಿ ಕಬ್ಬಿಣ ಮತ್ತು ಗಂಧಕ ಕೂಡಿರುವ ಪೈರೈಟ್ ತುಂಬಿದೆ. ಅದು ಗಾಳಿ, ನೀರಿಗೆ ತೆರೆದುಕೊಂಡಾಗ ಗಂಧಕಾಮ್ಲ ಹುಟ್ಟುತ್ತದೆ. ಅಲ್ಲಿ ಹರಿಯುವ ನೀರಿನ ಪಿಎಚ್ ಒಂದಕ್ಕಿಂತ ಕಡಿಮೆ. ನಿಂಬೆರಸದ್ದು ಎರಡರ ಆಸುಪಾಸು ಎಂದರೆ ಲೆಕ್ಕ ಹಾಕಿಕೊಳ್ಳಿ. ಬಿಸಿ 40 ಡಿಗ್ರಿ ದಾಟಿರುತ್ತದೆ. ಬೆಳಕಿಲ್ಲ.

ಆ ನೀರಿನ ಮೇಲೆ ಒಂದು ತೆಳ್ಳಗಿನ ಗುಲಾಬಿ ಪೊರೆ ತೇಲುತ್ತದೆ. ಕಾಯಿಸಿದ ಹಾಲು ಆರುವಾಗ ಕೆನೆ ಕಟ್ಟುತ್ತದಲ್ಲ, ಹಾಗೆ. ಅದೆಲ್ಲ ಸೂಕ್ಷ್ಮಜೀವಿಗಳೇ. ನೀರಿನಲ್ಲಿ ಕರಗಿದ ಕಬ್ಬಿಣದಿಂದ ಶಕ್ತಿ ಪಡೆದು ಬದುಕುತ್ತವೆ. ಬರ್ಕಲಿ ವಿಶ್ವವಿದ್ಯಾಲಯದ ಜಿಲ್ ಬ್ಯಾನ್‌ಫೀಲ್ಡ್ ಅವರ ತಂಡ ಈ ಪೊರೆಯನ್ನು ಆರಿಸಿಕೊಂಡದ್ದಕ್ಕೆ ಒಳ್ಳೆಯ ಕಾರಣವಿತ್ತು. ಇಷ್ಟು ಕಷ್ಟದ ಜಾಗದಲ್ಲಿ ಬದುಕುವ ಬಗೆಗಳು ಕೆಲವೇ. ಮಣ್ಣಿನಂತೆ ಸಾವಿರಾರು ಇಲ್ಲ. ಬಿಡಿಸಲು ಆಗಬಹುದಾದ ಗಂಟು ಅದು.

ಅವರ ಮುಂದೆ ಒಂದು ಸರಳ ಪ್ರಶ್ನೆಯೂ ಇತ್ತು. ಪ್ರೋಟೀನ್ ಮಾಡಲು ಎಲ್ಲ ಜೀವಿಗೂ ಸಾರಜನಕ ಬೇಕು. ಗಾಳಿಯಲ್ಲಿ ಅದು ಧಾರಾಳವಾಗಿದೆ, ಆದರೆ ಅದನ್ನು ಹಿಡಿದು ಬಳಸುವ ಶಕ್ತಿ ಕೆಲವೇ ಸೂಕ್ಷ್ಮಜೀವಿಗಳಿಗಿದೆ. ತೊಗರಿ, ಶೇಂಗಾ ಬೇರಿನ ಗಂಟುಗಳಲ್ಲಿರುವ ಬ್ಯಾಕ್ಟೀರಿಯಾ ಮಾಡುವ ಕೆಲಸವೇ ಇದು. ಗಣಿಯ ಪೊರೆಯಲ್ಲಿ ಈ ಕೆಲಸ ಯಾರದು? 16ಎಸ್ ಪಟ್ಟಿ ಅಲ್ಲಿರುವವರ ಹೆಸರು ಹೇಳುತ್ತಿತ್ತು. ಕೆಲಸ ಯಾರದೆಂದು ಹೇಳುತ್ತಿರಲಿಲ್ಲ.

ಎಲ್ಲವನ್ನೂ ಚೂರು ಮಾಡಿ ಓದುವುದು

ಶಾಟ್‌ಗನ್ ಎಂಬ ಹೆಸರು ಬಂದದ್ದು ಗುರಿಯಿಡದೆ ಚರೆ ಹಾರಿಸುವ ಕೋವಿಯಿಂದ. ಇಲ್ಲಿ ಒಂದು ಸಾಲನ್ನು ಆರಿಸುವುದಿಲ್ಲ. ಇರುವ ಡಿಎನ್‌ಎಯನ್ನೆಲ್ಲ ಚೂರು ಮಾಡಿ, ಕೈಗೆ ಬಂದ ಚೂರನ್ನು ಓದುತ್ತಾರೆ. ಲಗ್ನಪತ್ರಿಕೆಗಳ ಚೀಲವನ್ನೇ ಹರಿದು ಚಿಂದಿ ಮಾಡಿದ ಹಾಗೆ. 2004ರಲ್ಲಿ ಪ್ರಕಟವಾದ ಆ ಕೆಲಸದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಚೂರುಗಳನ್ನು ಓದಿದರು. ಒಂದೊಂದು ಸರಾಸರಿ 700ಕ್ಕೂ ಹೆಚ್ಚು ಅಕ್ಷರ. ಒಟ್ಟು 7.6 ಕೋಟಿ ಅಕ್ಷರ.

ಚೂರುಗಳನ್ನು ಜೋಡಿಸುವುದಕ್ಕೆ ಅಸೆಂಬ್ಲಿ ಎನ್ನುತ್ತಾರೆ. ಹೇಗೆ ಜೋಡಿಸುತ್ತಾರೆ? ಒಂದು ಚೂರಿನಲ್ಲಿ ‘ಕೆರೆ ಏರಿಯ ಮೇಲೆ ನಡೆದು’ ಎಂದಿದೆ, ಇನ್ನೊಂದರಲ್ಲಿ ‘ಮೇಲೆ ನಡೆದು ಬಂದ ದನ’ ಎಂದಿದೆ. ಮೊದಲನೆಯದರ ಬಾಲ, ಎರಡನೆಯದರ ತಲೆ ಒಂದೇ. ಎರಡನ್ನೂ ಸೇರಿಸಬಹುದು. ಹೀಗೆ ಒಂದರ ಮೇಲೊಂದು ಹೊಂದಿಸುತ್ತಾ ಹೋದರೆ ಉದ್ದನೆಯ ತುಂಡುಗಳಾಗುತ್ತವೆ. ಇವಕ್ಕೆ ಕಾಂಟಿಗ್ ಎಂದು ಹೆಸರು.

ಇದು ಆಗಬೇಕಾದರೆ ಒಂದೇ ಜಾಗ ಹಲವು ಚೂರುಗಳಲ್ಲಿ ಬಂದಿರಬೇಕು. ಸರಾಸರಿ ಎಷ್ಟು ಸಲ ಬಂದಿದೆ ಎಂಬುದಕ್ಕೆ ಆಳ ಎನ್ನೋಣ. ಪೊರೆಯಲ್ಲಿ ಲೆಪ್ಟೋಸ್ಪಿರಿಲಮ್ ಎಂಬ ಬ್ಯಾಕ್ಟೀರಿಯಾದ ಎರಡು ಗುಂಪುಗಳಿದ್ದವು: ಎರಡನೇ ಗುಂಪು, ಮೂರನೇ ಗುಂಪು. ಎರಡನೇ ಗುಂಪಿನ ಆಳ ಸುಮಾರು 10. ಅದರ ಜೀನೋಮ್ 22 ಲಕ್ಷ ಅಕ್ಷರದಷ್ಟು. ಅಂದರೆ ಓದಿದ 7.6 ಕೋಟಿಯಲ್ಲಿ 2.2 ಕೋಟಿ ಅಕ್ಷರ ಇದೊಂದಕ್ಕೇ ಹೋಯಿತು. ಮೂರನೇ ಗುಂಪು ಕಡಿಮೆ ಇದ್ದದ್ದರಿಂದ ಅದರ ಆಳ ಸುಮಾರು 3 ಮಾತ್ರ.

ಮೂರು ಸಲ ಓದಿದರೆ ಸಾಲದೇ ಎನ್ನಿಸಬಹುದು. ಸಾಲದು, ಯಾಕೆಂದರೆ ಮೂರು ಎಂಬುದು ಸರಾಸರಿ. ಚೂರುಗಳು ಮಳೆಹನಿಯ ಹಾಗೆ ಎಲ್ಲೆಲ್ಲೋ ಬೀಳುತ್ತವೆ. ಅಂಗಳದ ಮೇಲೆ ಸರಾಸರಿ ಮೂರು ಹನಿ ಬಿದ್ದರೂ ಅಲ್ಲಲ್ಲಿ ಒಣ ಜಾಗ ಉಳಿಯುತ್ತದೆ. ಲೆಕ್ಕ ಹಾಕಿದರೆ, ಆಳ 3 ಇದ್ದಾಗ ನೂರಕ್ಕೆ ಐದು ಅಕ್ಷರ ಒಮ್ಮೆಯೂ ಓದಿಸಿಕೊಂಡಿರುವುದಿಲ್ಲ. ಆಳ 10 ಆದರೆ ಲಕ್ಷಕ್ಕೆ ಐದೋ ಏನೋ. ಒಣ ಜಾಗ ಬಂದ ಕಡೆಯೆಲ್ಲ ಜೋಡಣೆ ತುಂಡಾಗುತ್ತದೆ. ಹಾಗಾಗಿಯೇ ಎರಡನೇ ಗುಂಪಿನ ಜೀನೋಮ್ 70ರಷ್ಟು ತುಂಡುಗಳಲ್ಲಿ ಸಿಕ್ಕರೆ, ಮೂರನೆಯದು ನಾನೂರಕ್ಕೂ ಹೆಚ್ಚು ತುಂಡಾಗಿ ಸಿಕ್ಕಿತು.

ಯಾವ ತುಂಡು ಯಾರ ಮನೆಯದು?

ಈಗ ನಿಜವಾದ ಕಷ್ಟ. ಮುಂದೆ ಸಾವಿರಾರು ತುಂಡುಗಳಿವೆ, ಯಾವುದರ ಮೇಲೂ ಹೆಸರಿಲ್ಲ. ಒಂದೊಂದು ಜೀವಿಯ ತುಂಡುಗಳನ್ನು ಒಂದೊಂದು ಬುಟ್ಟಿಗೆ ಹಾಕಬೇಕು. ಈ ಕೆಲಸವೇ ಬಿನ್ನಿಂಗ್. ಇದಕ್ಕೆ ಎರಡು ಸುಳಿವುಗಳಿವೆ.

ಮೊದಲನೆಯದು ಮಾತಿನ ಧಾಟಿ. ಧಾರವಾಡದವರು, ಕುಂದಾಪುರದವರು, ಮೈಸೂರಿನವರು ಯಾವ ವಿಷಯ ಮಾತಾಡಿದರೂ ನಾಲ್ಕು ಮಾತಿನಲ್ಲಿ ಊರು ಗೊತ್ತಾಗುತ್ತದೆ. ಜೀನೋಮ್‌ಗಳಿಗೂ ಹಾಗೊಂದು ಧಾಟಿ ಇದೆ. ಲೆಪ್ಟೋಸ್ಪಿರಿಲಮ್‌ನ ಬರಹದಲ್ಲಿ ಜಿ ಮತ್ತು ಸಿ ಅಕ್ಷರಗಳು ಅರ್ಧಕ್ಕಿಂತ ಹೆಚ್ಚು. ಅದೇ ಪೊರೆಯಲ್ಲಿದ್ದ ಫೆರೋಪ್ಲಾಸ್ಮಾ ಎಂಬ ಇನ್ನೊಂದು ಜೀವಿಯಲ್ಲಿ ಅರ್ಧಕ್ಕಿಂತ ಎಷ್ಟೋ ಕಡಿಮೆ. ಈ ಒಂದು ಎಣಿಕೆಯಿಂದಲೇ ರಾಶಿ ಎರಡಾಯಿತು. ಈಗಿನ ತಂತ್ರಾಂಶಗಳು ಇನ್ನೂ ಸೂಕ್ಷ್ಮವಾಗಿ ನೋಡುತ್ತವೆ. ನಾಲ್ಕು ಅಕ್ಷರದ 256 ಜೋಡಣೆಗಳಲ್ಲಿ ಯಾವುದು ಎಷ್ಟು ಸಲ ಬರುತ್ತದೆ ಎಂದು ಎಣಿಸುತ್ತವೆ.

ಎರಡನೆಯದು ಆಳ. ಒಂದು ಮನೆಯವರು 500 ಪತ್ರಿಕೆ ಹಾಕಿಸಿದ್ದರೆ ಅವರ ಪತ್ರಿಕೆಯ ಯಾವ ಮೂಲೆಯ ಚಿಂದಿಯೂ ಸುಮಾರು 500 ಸಲ ಸಿಗುತ್ತದೆ. 150 ಹಾಕಿಸಿದವರದು 150 ಸಲ. ಧಾಟಿ ಒಂದೇ ಆಗಿದ್ದ ಲೆಪ್ಟೋಸ್ಪಿರಿಲಮ್ ರಾಶಿಯನ್ನು ಹೀಗೆ ಮತ್ತೆ ಎರಡು ಮಾಡಿದರು. ಆಳ 10 ಇದ್ದವು ಎರಡನೇ ಗುಂಪಿನವು, 3 ಇದ್ದವು ಮೂರನೇ ಗುಂಪಿನವು.

ಇವತ್ತು ಒಂದೇ ಜಾಗದಿಂದ ಹಲವು ದಿನ, ಹಲವು ಕಡೆ ಮಾದರಿ ತೆಗೆಯುತ್ತಾರೆ. ಒಂದೇ ಜೀವಿಯ ತುಂಡುಗಳು ಎಲ್ಲ ಮಾದರಿಗಳಲ್ಲೂ ಒಟ್ಟಿಗೆ ಹೆಚ್ಚಾಗುತ್ತವೆ, ಒಟ್ಟಿಗೆ ಕಡಿಮೆಯಾಗುತ್ತವೆ. ಹಾಜರಿ ಪುಸ್ತಕದಲ್ಲಿ ಒಂದೇ ಮನೆಯ ಅಣ್ಣ ತಮ್ಮ ಒಂದೇ ದಿನ ರಜೆ ಹಾಕಿರುವಂತೆ. ಒಂದು ಮಾದರಿಯಲ್ಲಿ ಆಳ ಒಂದೇ ಆಗಿರುವುದು ಕಾಕತಾಳೀಯ ಇರಬಹುದು. ಹತ್ತು ಮಾದರಿಗಳಲ್ಲೂ ಒಟ್ಟಿಗೆ ಏರಿಳಿದರೆ ಅದನ್ನು ನಂಬಬಹುದು.

ಸಾರಜನಕ ಹಿಡಿಯುವವರು ಸಿಕ್ಕರು

ಬುಟ್ಟಿಗಳು ತಯಾರಾದ ಮೇಲೆ ಒಳಗಿನ ಜೀನ್‌ಗಳನ್ನು ಓದಿದರು. ಸಾರಜನಕ ಹಿಡಿಯಲು ಬೇಕಾದ ನಿಫ್ ಎಂಬ ಜೀನ್‌ಗಳ ಗುಂಪನ್ನು ಹುಡುಕಿದರು. ಹೆಚ್ಚಾಗಿದ್ದ ಎರಡನೇ ಗುಂಪಿನಲ್ಲೇ ಇರಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ಅಲ್ಲಿರಲಿಲ್ಲ. ಸಂಖ್ಯೆಯಲ್ಲಿ ಕಡಿಮೆ ಇದ್ದ ಮೂರನೇ ಗುಂಪಿನಲ್ಲಿ ಸಿಕ್ಕಿತು.

16ಎಸ್ ಪಟ್ಟಿಯಲ್ಲಿ ಜಾತಿಯ ಮಟ್ಟದಲ್ಲಿ ನೋಡಿದರೆ ಇವೆರಡೂ ‘ಲೆಪ್ಟೋಸ್ಪಿರಿಲಮ್’ ಎಂಬ ಒಂದೇ ಸಾಲು. ಆದರೆ ಇಡೀ ಪೊರೆಯ ಊಟದ ಒಂದು ಮುಖ್ಯ ಭಾಗವನ್ನು ಒದಗಿಸುವವರು ಅದರಲ್ಲಿ ಒಬ್ಬರು ಮಾತ್ರ. ಅದೂ ಚಿಕ್ಕ ಪಾಲಿನವರು.

ಇಲ್ಲಿ ಒಂದು ಅನುಮಾನ ಬರಬೇಕು. ನಿಫ್ ಇದ್ದ ತುಂಡು ತಪ್ಪು ಬುಟ್ಟಿಗೆ ಬಿದ್ದಿದ್ದರೆ? ಜೀನ್ ಇದ್ದ ಮಾತ್ರಕ್ಕೆ ಅದು ಕೆಲಸ ಮಾಡುತ್ತಿದೆ ಎಂದೇನು ಗ್ಯಾರಂಟಿ? ಡಿಎನ್‌ಎ ಹೇಳುವುದು ಏನು ಮಾಡಬಲ್ಲದು ಎಂದು. ಏನು ಮಾಡುತ್ತಿದೆ ಎಂದಲ್ಲ. ತಂಡ ಅಲ್ಲಿಗೆ ನಿಲ್ಲಿಸಲಿಲ್ಲ, ನನಗೆ ಈ ಕಥೆಯಲ್ಲಿ ತುಂಬಾ ಇಷ್ಟವಾಗುವ ಭಾಗ ಅದು. ಜೀನೋಮ್ ಹೇಳಿದ್ದು ನಿಜವಾದರೆ, ಸಾರಜನಕವನ್ನೇ ಹಾಕದ ದ್ರವದಲ್ಲಿ ಮೂರನೇ ಗುಂಪು ಮಾತ್ರ ಬೆಳೆಯಬೇಕು, ಉಳಿದವು ಸೊರಗಬೇಕು. ಕಬ್ಬಿಣ ಕೊಟ್ಟು, ಸಾರಜನಕ ಕೊಡದೆ, ಮತ್ತೆ ಮತ್ತೆ ತೆಳು ಮಾಡುತ್ತಾ ಬೆಳೆಸಿದರು. ಬೆಳೆಯಿತು. 2005ರಲ್ಲಿ ಅದಕ್ಕೆ ಲೆಪ್ಟೋಸ್ಪಿರಿಲಮ್ ಫೆರೋಡಯಜೋಟ್ರೋಫಮ್ ಎಂದು ಹೆಸರಿಟ್ಟರು. ಅದುವರೆಗೂ ಯಾರೂ ಬೆಳೆಸಿರದ ಜೀವಿಗೆ ಏನು ಕೊಡಬೇಕು, ಏನು ಕೊಡಬಾರದು ಎಂದು ಅದರ ಜೀನೋಮೇ ತಿಳಿಸಿತ್ತು.

ಪಟ್ಟಿಗೆ ಬಾರದೇ ಉಳಿದವರು

ಅದೇ ಗಣಿಯಿಂದ 2006ರಲ್ಲಿ ಇನ್ನೊಂದು ಸುದ್ದಿ ಬಂತು. ಜೋಡಿಸಿದ ತುಂಡುಗಳನ್ನು ನೋಡುತ್ತಿದ್ದಾಗ ಒಂದು ವಿಚಿತ್ರ 16ಎಸ್ ಜೀನ್ ಸಿಕ್ಕಿತು. ಆರ್ಕಿಯಾ ಎಂಬ, ಬ್ಯಾಕ್ಟೀರಿಯಾದಂತೆ ಕಂಡರೂ ಬೇರೆಯೇ ಆದ ವಂಶದ್ದು. ಆ ಪೊರೆಯ 16ಎಸ್ ಪಟ್ಟಿಗಳಲ್ಲಿ ಅದು ಇರಲೇ ಇಲ್ಲ. ಯಾಕೆ? ಪ್ರೈಮರ್ ಅಂಟಿಕೊಳ್ಳಬೇಕಾದ, ‘ಬದಲಾಗದ’ ಎಂದುಕೊಂಡಿದ್ದ ಜಾಗದಲ್ಲೇ ಅದರ ಅಕ್ಷರಗಳು ಬದಲಾಗಿದ್ದವು. ‘ಸಕುಟುಂಬ’ ಎಂಬ ಪದ ಇರುವ ಪತ್ರಿಕೆಗಳನ್ನು ಮಾತ್ರ ಆರಿಸುತ್ತಿದ್ದರೆ, ‘ಮನೆಮಂದಿಯೆಲ್ಲ ಬನ್ನಿ’ ಎಂದು ಅಚ್ಚು ಹಾಕಿಸಿದವರ ಪತ್ರಿಕೆ ಸಿಗುವುದೇ ಇಲ್ಲ. ಇವಕ್ಕೆ ಅರ್ಮಾನ್ ಎಂದು ಹೆಸರಿಟ್ಟರು. ಒಂದು ಮಿಲಿಮೀಟರಿನ ಎರಡು ಸಾವಿರದ ಒಂದು ಭಾಗದಷ್ಟು, ಅತಿ ಚಿಕ್ಕ ಜೀವಿಗಳು.

ಇದು ಆ ಗಣಿಯ ವಿಶೇಷವೇ ಎಂದುಕೊಳ್ಳಬೇಡಿ. 2015ರಲ್ಲಿ ಇದೇ ಬ್ಯಾನ್‌ಫೀಲ್ಡ್ ತಂಡ ಕೊಲರಾಡೋದ ರೈಫಲ್ ಎಂಬಲ್ಲಿಯ ಅಂತರ್ಜಲದಿಂದ ನೂರಾರು ಜೀನೋಮ್‌ಗಳನ್ನು ಬಿಡಿಸಿತು. ಬ್ಯಾಕ್ಟೀರಿಯಾ ವೈವಿಧ್ಯದ ಶೇಕಡ 15ಕ್ಕೂ ಹೆಚ್ಚು ಪಾಲಿರಬಹುದಾದ ಒಂದು ದೊಡ್ಡ ಬಳಗ ಅದು. ಅವುಗಳಲ್ಲಿ ಎಷ್ಟೋ ಜೀವಿಗಳು ಮಾಮೂಲಿ 16ಎಸ್ ಪರೀಕ್ಷೆಯ ಕಣ್ಣಿಗೆ ಬೀಳುವಂಥವಲ್ಲ.

ಬುಟ್ಟಿ ಸರಿಯಿದೆಯೇ ಎಂದು ನೋಡುವುದು

ಬುಟ್ಟಿಯಲ್ಲಿರುವುದು ನಿಜವಾಗಿ ಒಂದೇ ಜೀವಿಯೇ? ನೋಡಲು ಒಂದು ಜಾಣ ಉಪಾಯವಿದೆ. ಪ್ರತಿ ಜೀನೋಮಿನಲ್ಲೂ ಒಂದೇ ಒಂದು ಪ್ರತಿ ಇರುವ ಜೀನ್‌ಗಳಿವೆ. ಒಂದು ಲಗ್ನಪತ್ರಿಕೆಯಲ್ಲಿ ಒಂದೇ ಮುಹೂರ್ತ ಇರುವಂತೆ. ಬುಟ್ಟಿಯಲ್ಲಿ ಎರಡು ಮುಹೂರ್ತ ಸಿಕ್ಕರೆ ಎರಡು ಮನೆಯದು ಬೆರೆತಿದೆ ಎಂದರ್ಥ. ಒಂದೂ ಸಿಗದಿದ್ದರೆ ಪತ್ರಿಕೆಯ ಚೂರು ಕಳೆದಿದೆ. ಅಂಥ 100 ಜೀನ್‌ಗಳನ್ನು ಹುಡುಕಿದೆವು ಎನ್ನಿ. 93 ಸಿಕ್ಕವು, ಅದರಲ್ಲಿ 4 ಎರಡೆರಡು ಸಲ ಸಿಕ್ಕವು. ಆಗ ಪೂರ್ಣತೆ ಶೇಕಡ 93, ಬೆರಕೆ ಶೇಕಡ 4. ಚೆಕ್‌ಎಂ ಎಂಬ ತಂತ್ರಾಂಶ ಮಾಡುವ ಲೆಕ್ಕ ಸುಮಾರಾಗಿ ಇದೇ. ವಿಜ್ಞಾನಿಗಳು 2017ರಲ್ಲಿ ಒಪ್ಪಿಕೊಂಡ ಅಳತೆಯಂತೆ, ಪೂರ್ಣತೆ ಶೇಕಡ 90 ದಾಟಿ, ಬೆರಕೆ ಶೇಕಡ 5ರ ಒಳಗಿದ್ದರೆ ಉತ್ತಮ ದರ್ಜೆ. ಆದರೆ ಬೇರೆ ಷರತ್ತುಗಳೂ ಇವೆ. ಬುಟ್ಟಿಯಲ್ಲಿ 16ಎಸ್ ಜೀನ್ ಕೂಡ ಇರಬೇಕು ಎಂಬುದು ಅವುಗಳಲ್ಲೊಂದು.

ಎಷ್ಟೋ ಬುಟ್ಟಿಗಳು ಎಡವುವುದು ಇಲ್ಲೇ. ಬೇರೆಬೇರೆ ಜೀವಿಗಳಲ್ಲಿ ಆ ಸಾಲು ಹೆಚ್ಚುಕಮ್ಮಿ ಒಂದೇ ಆಗಿರುವುದರಿಂದ, ‘ಸಕುಟುಂಬ ಪರಿವಾರ ಸಮೇತ’ ಎಂಬ ಚಿಂದಿಯ ಎಡಕ್ಕೆ ಯಾರ ಹೆಸರು, ಬಲಕ್ಕೆ ಯಾರ ವಿಳಾಸ ಎಂದು ತಿಳಿಯದೆ ಜೋಡಣೆ ಅಲ್ಲೇ ಮುರಿಯುತ್ತದೆ. ಒಂದು ಜೀನೋಮಿನಲ್ಲೇ ಹಲವು ಪ್ರತಿ ಇದ್ದರೆ ಆಳವೂ ಹೊಂದುವುದಿಲ್ಲ. ಇ. ಕೋಲಿಯಲ್ಲಿ 7 ಪ್ರತಿಗಳಿವೆ. ಹಾಗಾಗಿ ಆ ತುಂಡು ಬುಟ್ಟಿಯ ಹೊರಗೇ ಉಳಿದುಬಿಡುತ್ತದೆ. ಒಬ್ಬ ಜೀವಿಯಿಂದ ಇನ್ನೊಬ್ಬನಿಗೆ ದಾಟುವ ಪ್ಲಾಸ್ಮಿಡ್ ಎಂಬ ಪುಟ್ಟ ಡಿಎನ್‌ಎ ಬಳೆಗಳ ಗತಿಯೂ ಇದೇ. ಅವುಗಳ ಧಾಟಿಯೂ ಬೇರೆ, ಪ್ರತಿಗಳ ಸಂಖ್ಯೆಯೂ ಬೇರೆ. ಇದು ಚಿಂತೆಯ ವಿಷಯ, ಯಾಕೆಂದರೆ ಆ್ಯಂಟಿಬಯಾಟಿಕ್‌ಗೆ ಬಗ್ಗದ ಜೀನ್‌ಗಳು ಎಷ್ಟೋ ಸಲ ಇರುವುದು ಪ್ಲಾಸ್ಮಿಡ್‌ಗಳಲ್ಲೇ. ಜೀನ್ ಇದೆ ಎಂದು ಗೊತ್ತಾಗುತ್ತದೆ, ಯಾವ ಬ್ಯಾಕ್ಟೀರಿಯಾದ ಹತ್ತಿರ ಇದೆ ಎಂದು ಹೇಳಲು ಕಷ್ಟ.

ಹತ್ತಿರದ ಸಂಬಂಧಿಗಳು ಒಟ್ಟಿಗಿದ್ದರೂ ತೊಂದರೆ. ಗಣಿಯ ಪೊರೆಯಲ್ಲಿ ಲೆಪ್ಟೋಸ್ಪಿರಿಲಮ್ ಎರಡನೇ ಗುಂಪಿನ ಕೋಶಗಳ ನಡುವೆ ಸಾವಿರ ಅಕ್ಷರಕ್ಕೆ ಒಂದರಷ್ಟೂ ವ್ಯತ್ಯಾಸವಿರಲಿಲ್ಲ. ಹಾಗಾಗಿ ಸುಲಭವಾಗಿ ಜೋಡಿಸಿಕೊಂಡಿತು. ಫೆರೋಪ್ಲಾಸ್ಮಾದ ಒಂದು ಬಗೆಯಲ್ಲಿ ನೂರಕ್ಕೆ ಸುಮಾರು ಎರಡು ಅಕ್ಷರ ಬೇರೆಯಿದ್ದವು. ಸಿಕ್ಕ ಜೀನೋಮ್ ಯಾವ ಒಂದು ಕೋಶದ್ದೂ ಅಲ್ಲ, ಅಣ್ಣ ತಮ್ಮಂದಿರ ಮುಖಗಳನ್ನು ಸೇರಿಸಿ ಬರೆದ ಒಂದು ಚಿತ್ರ. ಮಣ್ಣಿನಲ್ಲಂತೂ ಇಂಥ ಸಂಬಂಧಿಗಳು ರಾಶಿ ರಾಶಿ. ಸಾಮಾನ್ಯ ಯಂತ್ರಗಳು ಒಮ್ಮೆಗೆ 150 ಅಕ್ಷರ ಓದುತ್ತವೆ. ಅಷ್ಟು ಚಿಕ್ಕ ಚೂರುಗಳಿಂದ ಮಣ್ಣಿನ ಡಿಎನ್‌ಎಯ ಬಹುಪಾಲನ್ನು ಜೋಡಿಸಲು ಆಗುವುದೇ ಇಲ್ಲ. ಸಾವಿರಾರು ಅಕ್ಷರಗಳನ್ನು ಒಂದೇ ಉಸಿರಿಗೆ ಓದುವ ಹೊಸ ಯಂತ್ರಗಳು ಬಂದ ಮೇಲೆ ಇದು ಸ್ವಲ್ಪ ಸುಲಭವಾಗಿದೆ. ಚೂರು ಉದ್ದವಾದಷ್ಟೂ ಆ ಒಂದೇ ತರಹದ ಸಾಲನ್ನು ದಾಟಿ ಎರಡೂ ಕಡೆಯ ಹೆಸರು ಸಿಗುತ್ತದೆ.

ಅತ್ತಿಗೆಗೆ ಹೇಳಿದ್ದು

ದುಬಾರಿ ಪರೀಕ್ಷೆಯಲ್ಲಿ ಹೆಸರಿನ ಜೊತೆಗೆ ತಳಿ ಮತ್ತು ಜೀನ್‌ಗಳ ವಿವರವೂ ಸಿಗಬಹುದು. ಆದರೆ ಶಾಟ್‌ಗನ್ ಎಂದ ಮಾತ್ರಕ್ಕೆ ಈ ಜೋಡಣೆ, ಬುಟ್ಟಿ ಎಲ್ಲ ನಡೆಯುತ್ತದೆ ಎಂದಲ್ಲ. ಓದಿದ ಚೂರುಗಳನ್ನು ಮೊದಲೇ ಗೊತ್ತಿರುವ ಜೀನೋಮ್‌ಗಳ ಭಂಡಾರಕ್ಕೆ ಹೋಲಿಸಿ, ಹೊಂದಿದ್ದನ್ನು ಎಣಿಸಿ ಮುಗಿಸುವುದೂ ಶಾಟ್‌ಗನ್ನೇ. ಅದು ಬೇಗ ಆಗುತ್ತದೆ, ಕಡಿಮೆ ಚೂರು ಸಾಕು. ಆದರೆ ಭಂಡಾರದಲ್ಲಿಲ್ಲದ ಜೀವಿ ಅಲ್ಲಿ ಸಿಗುವುದಿಲ್ಲ.

ಹಾಗಾಗಿ ಅತ್ತಿಗೆಗೆ ಮೂರು ಪ್ರಶ್ನೆ ಬರೆದುಕೊಟ್ಟೆ. ಎಷ್ಟು ಚೂರು ಓದುತ್ತೀರಿ? ಭಂಡಾರಕ್ಕೆ ಹೋಲಿಸುತ್ತೀರೋ, ಜೋಡಿಸುತ್ತೀರೋ? ಯಾವುದಕ್ಕೂ ಹೊಂದದ ಚೂರು ಶೇಕಡ ಎಷ್ಟು ಎಂದು ರಿಪೋರ್ಟಿನಲ್ಲಿ ಬರೆಯುತ್ತೀರಾ? ಮೊದಲೆರಡಕ್ಕೆ ಲ್ಯಾಬಿನವರು ಫೋನಿನಲ್ಲೇ ಉತ್ತರ ಹೇಳಿದರಂತೆ. ಜೋಡಿಸುವುದಿಲ್ಲ, ಭಂಡಾರಕ್ಕೆ ಹೋಲಿಸುತ್ತಾರೆ. ಮೂರನೆಯದನ್ನು ಕೇಳಿ ಹೇಳುತ್ತೇವೆ ಎಂದಿದ್ದಾರೆ.